ಒತ್ತಕ್ಷರಕ್ಕೆ ಜಾಗ, ಕಣ್ಣಿಗೆ ಬಿಡುವು

ರಾತ್ರಿ ಹಾಸಿಗೆಯಲ್ಲಿ ಇ-ರೀಡರ್ ಹಿಡಿದು ಕೂತವರು ಸಾಮಾನ್ಯವಾಗಿ ಮೊದಲು ಮುಟ್ಟುವುದು ಪುಟದ ಬಣ್ಣವನ್ನು. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚುತ್ತದೆಂದು ಅದನ್ನು ಹಳದಿಗೋ ಕಪ್ಪಿಗೋ ತಿರುಗಿಸುತ್ತಾರೆ. ಅಷ್ಟಾದರೂ ಸ್ವಲ್ಪ ಹೊತ್ತಿನಲ್ಲೇ ಕಣ್ಣು ದಣಿಯುತ್ತದೆ, ಓದಿದ ಸಾಲನ್ನೇ ಮತ್ತೆ ಓದುವಂತಾಗುತ್ತದೆ. ಕನ್ನಡ ಪುಸ್ತಕದ ಮಟ್ಟಿಗೆ ಬಣ್ಣ ಕೊನೆಯ ಹೆಜ್ಜೆ. ಮೊದಲು ಅಕ್ಷರ, ಆಮೇಲೆ ಸಾಲಿನ ಅಂತರ, ಅನಂತರ ಅಂಚು, ಇವೆಲ್ಲ ಸರಿಹೋದ ಮೇಲೆ ಬೆಳಕು. ಈ ಸಾಧನಗಳ ಮೂಲ ಹೊಂದಾಣಿಕೆ ಹೆಚ್ಚಾಗಿ ಇಂಗ್ಲಿಷ್ ಲಿಪಿಯನ್ನು ಗಮನದಲ್ಲಿಟ್ಟುಕೊಂಡು ಮಾಡಿದ್ದು. ಕನ್ನಡದ ಸಾಲಾದರೋ ಮೇಲೆ ದೀರ್ಘ, ಎತ್ವಗಳನ್ನು ಹೊತ್ತು, ಕೆಳಗೆ ಒತ್ತಕ್ಷರಗಳನ್ನು ಇಳಿಬಿಟ್ಟುಕೊಂಡು ಎರಡೂ ಕಡೆ ಬೆಳೆಯುತ್ತದೆ.

ಹಗಲಿಗೆ ಸರಿಯಿದ್ದ ಪುಟ ರಾತ್ರಿಗೆ ಯಾಕೆ ಸಾಲದು ಎಂಬುದಕ್ಕೂ ಕಾರಣವಿದೆ. ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಪಾಪೆ ಹಿಗ್ಗಿದಷ್ಟೂ ಕಣ್ಣಿನ ಮಸೂರದ ಸಣ್ಣಪುಟ್ಟ ದೋಷಗಳು ಎದ್ದು ಕಾಣುತ್ತವೆ, ಗೆರೆಗಳ ಅಂಚು ಮಸುಕಾಗುತ್ತದೆ. ನಲವತ್ತು ದಾಟಿದವರಲ್ಲಿ ಹತ್ತಿರದ ವಸ್ತುವಿಗೆ ಕಣ್ಣು ಹೊಂದಿಕೊಳ್ಳುವ ಶಕ್ತಿ ಮೊದಲೇ ಕುಗ್ಗಿರುತ್ತದೆ. ಬಿಸಿಲಿನಲ್ಲಿ ಪಾಪೆ ಕಿರಿದಾಗಿ ಆ ಕೊರತೆಯನ್ನು ಅಷ್ಟಿಷ್ಟು ಮುಚ್ಚುತ್ತದೆ, ರಾತ್ರಿ ಆ ನೆರವು ಸಿಗುವುದಿಲ್ಲ. ಹಾಗಾಗಿ ರಾತ್ರಿಯ ಪುಟಕ್ಕೆ ಹಗಲಿಗಿಂತ ಒಂದೆರಡು ಹಂತ ದೊಡ್ಡದಾದ, ತುಸು ದಪ್ಪನೆಯ ಅಕ್ಷರ ಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಾಧನ ಆರು ಇಂಚಿನ ಇ-ಇಂಕ್ ಪರದೆಯದು, ಅಗಲ ಸುಮಾರು 9 ಸೆಂಟಿಮೀಟರ್. ಪುಸ್ತಕ ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ರೂಪದಲ್ಲಿ ಇಳಿಸಿಕೊಂಡದ್ದು. ಓದುವ ತಂತ್ರಾಂಶ ಕೆಒರೀಡರ್. ಇದು ಉಚಿತ, ಕೋಬೊ ಸಾಧನಗಳಲ್ಲೂ ಆಂಡ್ರಾಯ್ಡ್ ಫೋನುಗಳಲ್ಲೂ ನಡೆಯುತ್ತದೆ. ಬೇರೆ ಆ್ಯಪ್ ಬಳಸುವವರಿಗೆ ಗುಂಡಿಗಳ ಹೆಸರು ಬೇರೆಯಿರಬಹುದು, ಕೆಲಸದ ಕ್ರಮ ಇದೇ.

ಮೊದಲು ಅಕ್ಷರ. ಸಾಧನದಲ್ಲಿ ಒಳ್ಳೆಯ ಕನ್ನಡ ಫಾಂಟ್ ಇಲ್ಲದಿದ್ದರೆ Noto Serif Kannada ಅಥವಾ Noto Sans Kannada ಫಾಂಟನ್ನು ಇಳಿಸಿಕೊಂಡು, ಅದರ ಕಡತವನ್ನು ಕೆಒರೀಡರಿನ fonts ಫೋಲ್ಡರಿಗೆ ಹಾಕಿದರಾಯಿತು. ಎರಡೂ ಉಚಿತ. ಸೆರಿಫ್ ರೂಪದಲ್ಲಿ ಗೆರೆಗಳು ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ಮಂದ ಬೆಳಕಿನಲ್ಲಿ ಆ ತೆಳು ಭಾಗ ಮೊದಲು ಮಾಯವಾಗುತ್ತದೆ. ಹಾಗೆ ಆಗುತ್ತಿದ್ದರೆ Font Weight ಒಂದು ಹಂತ ಏರಿಸಬೇಕು, ಇಲ್ಲವೇ ಗೆರೆಗಳು ಹೆಚ್ಚುಕಡಿಮೆ ಒಂದೇ ದಪ್ಪವಿರುವ ಸ್ಯಾನ್ಸ್ ರೂಪಕ್ಕೆ ಹೋಗಬೇಕು. ತೀರಾ ದಪ್ಪ ಮಾಡಿದರೆ ಅಕ್ಷರದೊಳಗಿನ ಸುರುಳಿಗಳು ತುಂಬಿಕೊಳ್ಳುತ್ತವೆ ಎಂಬುದೂ ನೆನಪಿರಲಿ.

ಗಾತ್ರ ಸಾಕೋ ಸಾಲದೋ ಎಂದು ತಿಳಿಯಲು ಅಂಕಿಯನ್ನು ನೋಡಬೇಕಾಗಿಲ್ಲ, ಅಕ್ಷರಗಳೇ ಹೇಳುತ್ತವೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಬೇರೆಯಾಗುವುದು ಕೆಳಗಿನ ಒಂದು ಚಿಕ್ಕ ಸೀಳಿನಿಂದ. ಪ ಮತ್ತು ಷ ಬೇರೆಯಾಗುವುದು ಒಳಗಿನ ಒಂದು ಗೆರೆಯಿಂದ. ಮಲಗುವ ಕೋಣೆಯ ಬೆಳಕಿನಲ್ಲಿ, ನಿಜವಾಗಿ ಓದುವ ದೂರದಲ್ಲಿ ಸಾಧನವನ್ನು ಹಿಡಿದು ಇಂಥ ಅಕ್ಷರಗಳಿರುವ ಒಂದು ಪುಟ ನೋಡಿ. ‘ಧನ’ವೋ ‘ದನ’ವೋ ಎಂಬುದು ಹಿಂದುಮುಂದಿನ ಪದಗಳ ಅರ್ಥದಿಂದ ತಿಳಿಯುತ್ತಿದ್ದು, ಅಕ್ಷರದಿಂದಲ್ಲ ಎಂದಾದರೆ ಗಾತ್ರ ಸಾಲದು. ಊಹಿಸಿ ಓದುವುದು ಹಗಲಿನಲ್ಲಿ ಗಮನಕ್ಕೆ ಬಾರದ ಶ್ರಮ. ದಣಿದ ಹೊತ್ತಿನಲ್ಲಿ ಅದೇ ತಲೆನೋವಾಗುತ್ತದೆ.

ಈ ಹಂತದಲ್ಲಿ ಎರಡು ತೊಡಕು ಎದುರಾಗಬಹುದು. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರದೆ, ‘ಕ್ಕ’ ಎಂಬುದು ಬಿಡಿಬಿಡಿಯಾಗಿ ಕಂಡರೆ Kerning ಎಂಬ ಆಯ್ಕೆಯನ್ನು best ಎಂಬಲ್ಲಿಗೆ ತರಬೇಕು. ಆಗ ಅಕ್ಷರ ಕೂಡಿಸುವ ಪೂರ್ತಿ ವ್ಯವಸ್ಥೆ ಕೆಲಸ ಮಾಡುತ್ತದೆ. ಇನ್ನೊಂದು, ಫಾಂಟ್ ಬದಲಿಸಿದ ಕೂಡಲೇ ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಿಂದ ತುಂಬಿಕೊಳ್ಳುವುದು. ಆ ಪುಸ್ತಕ ಯುನಿಕೋಡಿನದಲ್ಲ, ಹಳೆಯ ಬಗೆಯ ಫಾಂಟಿನಲ್ಲಿ ಟೈಪ್ ಆದದ್ದು ಎಂದು ಅರ್ಥ. ಅದನ್ನು ಯುನಿಕೋಡಿಗೆ ಪರಿವರ್ತಿಸುವವರೆಗೆ ಅದರ ಮೂಲ ಫಾಂಟನ್ನೇ ಬಳಸಬೇಕು.

ಈಗ ಸಾಲಿನ ಅಂತರ. ಕನ್ನಡ ಪುಟ ಹೆಚ್ಚಾಗಿ ಕೆಡುವುದು ಇಲ್ಲೇ. ‘ಶಾಸ್ತ್ರ’, ‘ರಾಷ್ಟ್ರ’ದಂಥ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಸೇರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಸರಿಯಾಗಿ ಅದೇ ಜಾಗಕ್ಕೆ ‘ಕೀ’, ‘ತೀ’ ಬಂದರೆ ಮೇಲಿನ ಒತ್ತೂ ಕೆಳಗಿನ ಗುಡಿಸೂ ಒಂದಕ್ಕೊಂದು ತಾಗಿಕೊಳ್ಳುತ್ತವೆ. ಕಣ್ಣು ಸಾಲಿನ ಕೊನೆ ಮುಟ್ಟಿ ಎಡಕ್ಕೆ ಮರಳುವಾಗ ಸಾಲುಗಳ ನಡುವಿನ ಬಿಳಿ ಪಟ್ಟಿಯೇ ಅದಕ್ಕೆ ದಾರಿ. ಒತ್ತಕ್ಷರಗಳು ಅಲ್ಲಲ್ಲಿ ಆ ಪಟ್ಟಿಯನ್ನು ಕತ್ತರಿಸಿದರೆ ಕಣ್ಣು ಮುಂದಿನ ಸಾಲಿನ ಬದಲು ಓದಿದ ಸಾಲಿಗೇ ಬಂದು ನಿಲ್ಲುತ್ತದೆ.

ಒತ್ತುಗಳು ದಟ್ಟವಾಗಿರುವ ಪುಟವೊಂದನ್ನು ತೆರೆದು Line Spacing ಅನ್ನು ಐದೈದು ಅಂಶದಂತೆ ಏರಿಸುತ್ತ ಹೋಗಿ. ಒತ್ತುಗಳ ಕೆಳಗೂ, ಮುಂದಿನ ಸಾಲಿನ ತಲೆಕಟ್ಟಿನ ಮೇಲೂ ಒಂದು ತೆಳುವಾದ, ತುಂಡಾಗದ ಬಿಳಿ ಪಟ್ಟಿ ಕಂಡಲ್ಲಿ ನಿಲ್ಲಿಸಿ. ಎಷ್ಟು ಅಂಶ ಎಂದು ಎಲ್ಲರಿಗೂ ಒಂದೇ ಅಂಕಿ ಹೇಳಲಾಗದು, ಯಾಕೆಂದರೆ ಪ್ರತಿ ಫಾಂಟೂ ತನ್ನ ಸಾಲಿನ ಎತ್ತರವನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ನೋಟೊ ಫಾಂಟುಗಳು ಒತ್ತಕ್ಷರಕ್ಕೆಂದು ಸಾಕಷ್ಟು ಜಾಗ ಮೊದಲೇ ಬಿಟ್ಟಿರುವುದರಿಂದ ಅವಕ್ಕೆ ಸ್ವಲ್ಪ ಏರಿಸಿದರೆ ಸಾಕು. ಫಾಂಟ್ ಬದಲಿಸಿದಾಗಲೆಲ್ಲ ಅಂತರವನ್ನು ಹೊಸದಾಗಿ ನೋಡಬೇಕು. ಗುಂಡಿ ಒತ್ತಿದರೂ ಅಂತರ ಬದಲಾಗದಿದ್ದರೆ ಪುಸ್ತಕದೊಳಗೇ ಅಳತೆ ಬರೆದಿಟ್ಟಿದ್ದಾರೆ ಎಂದರ್ಥ. Embedded Style ಎಂಬುದನ್ನು off ಮಾಡಿದರೆ ನಿಮ್ಮ ಅಳತೆ ನಡೆಯುತ್ತದೆ. ಅಂತರ ಅತಿಯಾಗಲೂಬಾರದು. ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದ ಪಟ್ಟಿಗಳಂತೆ ಕಂಡರೆ ಒಂದು ಹಂತ ಇಳಿಸಿ.

ಅಂಚಿನ ಲೆಕ್ಕ ಇಷ್ಟು. 9 ಸೆಂಟಿಮೀಟರ್ ಪರದೆಯಲ್ಲಿ ಎರಡೂ ಕಡೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಬಿಟ್ಟರೆ ಸಾಲಿಗೆ ಎಂಟು ಸೆಂಟಿಮೀಟರಿಗೆ ಹತ್ತಿರದ ಜಾಗ ಉಳಿಯುತ್ತದೆ. ರಾತ್ರಿಗೆ ಹೊಂದಿಸಿದ ಗಾತ್ರದಲ್ಲಿ ಅಲ್ಲಿ ಕನ್ನಡದ ನಾಲ್ಕರಿಂದ ಆರು ಪದ ಹಿಡಿಸುತ್ತವೆ. ಚೆಂದಕ್ಕೆಂದು ಅಂಚು ಇನ್ನೂ ಅಗಲ ಮಾಡಿದರೆ ಸಾಲಿಗೆ ಮೂರೇ ಪದ ಉಳಿದು, ಕಣ್ಣು ಬರಿದೇ ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಪೂರ್ತಿ ಸೊನ್ನೆಗೆ ಇಳಿಸಿದರೆ ಹಿಡಿದ ಹೆಬ್ಬೆರಳು ಅಕ್ಷರ ಮುಚ್ಚುತ್ತದೆ, ಪರದೆಯ ಚೌಕಟ್ಟಿನ ನೆರಳು ಸಾಲಿನ ಮೊದಲ ಅಕ್ಷರದ ಮೇಲೆ ಬೀಳುತ್ತದೆ.

ಅಂಚಿನ ಜೊತೆಗೇ ಸರಿಪಡಿಸಬೇಕಾದದ್ದು ಎರಡೂ ಬದಿ ಸಮನಾಗಿ ನಿಲ್ಲಿಸುವ ಜಸ್ಟಿಫೈ ಕ್ರಮ. ಕನ್ನಡದಲ್ಲಿ ‘ಮಾಡಬೇಕಾಗಿದ್ದುದರಿಂದ’ ಎಂಬಂಥ ಉದ್ದ ಪದಗಳು ಸಾಮಾನ್ಯ. ಅಂಥ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗಿಳಿದರೆ, ಅದು ಬಿಟ್ಟುಹೋದ ಜಾಗವನ್ನೆಲ್ಲ ಉಳಿದ ನಾಲ್ಕು ಪದಗಳ ನಡುವಿನ ಮೂರು ಸಂದುಗಳಿಗೆ ಹಂಚಬೇಕಾಗುತ್ತದೆ. ಸಂದುಗಳು ಸಾಲಿನಿಂದ ಸಾಲಿಗೆ ಹಿಗ್ಗಿ ಪುಟದಲ್ಲಿ ಬಿಳಿ ತೇಪೆಗಳು ಏಳುತ್ತವೆ. ಎಡಕ್ಕೆ ಮಾತ್ರ ಸಮನಾಗಿಸಿ ಬಲ ಬದಿಯನ್ನು ಏರುಪೇರಾಗಿ ಬಿಟ್ಟರೆ ಸಂದುಗಳು ಒಂದೇ ಅಳತೆಗೆ ಬರುತ್ತವೆ.

ಈಗ ಬೆಳಕಿಗೆ ಬರಬಹುದು. ಬಾಸ್ಟನ್ನಿನ ಸಂಶೋಧಕರು 2015ರಲ್ಲಿ ಪಿಎನ್‌ಎಎಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಈ ವಿಷಯದಲ್ಲಿ ಎಲ್ಲರೂ ಹೇಳುತ್ತಾರೆ. ಮಲಗುವ ಮುನ್ನ ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ ಕಾಗದದ ಪುಸ್ತಕ ಓದಿದಾಗಿಗಿಂತ ನಿದ್ದೆ ಬರಲು ಸುಮಾರು 10 ನಿಮಿಷ ತಡವಾಯಿತು, ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ತಗ್ಗಿತು. ಆದರೆ ಅಲ್ಲಿ ಬಳಸಿದ್ದು ಪೂರ್ತಿ ಪ್ರಖರತೆಯ ಐಪ್ಯಾಡ್, ಓದಿದ್ದು ಮಂಕು ಬೆಳಕಿನ ಕೋಣೆಯಲ್ಲಿ ನಾಲ್ಕು ಗಂಟೆ ಹೊತ್ತು, ಭಾಗವಹಿಸಿದ್ದು 12 ಜನ. ಇ-ಇಂಕ್ ಸಾಧನದಲ್ಲಿ ಅಂಚಿನ ಪುಟ್ಟ ದೀಪಗಳ ಬೆಳಕು ಹಾಳೆಯ ಮೇಲೆ ಬಿದ್ದು ಹಿಮ್ಮರಳುತ್ತದೆ, ಅದನ್ನು ತೀರಾ ಮಂದಕ್ಕೂ ಇಳಿಸಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ಬೆಳಕಿನ ಪ್ರಮಾಣ, ಬಣ್ಣ ಅದರ ನಂತರ.

ಪ್ರಮಾಣವನ್ನು ಹೀಗೆ ಗೊತ್ತುಮಾಡಿಕೊಳ್ಳಬಹುದು. ಹಾಸಿಗೆ ಪಕ್ಕದ ದೀಪ ಹಚ್ಚಿ, ಮುದ್ರಿತ ಪುಸ್ತಕವೊಂದನ್ನು ಬಿಡಿಸಿ ಸಾಧನದ ಪಕ್ಕದಲ್ಲಿಡಿ. ಎರಡು ಪುಟಗಳೂ ಒಂದೇ ಹೊಳಪಿನವಾಗಿ ಕಾಣುವವರೆಗೆ ಸಾಧನದ ಬೆಳಕು ಇಳಿಸಿ. ಬಣ್ಣ ಬದಲಿಸುವ ಸೌಲಭ್ಯವಿದ್ದರೆ ಬಣ್ಣವೂ ಕಾಗದಕ್ಕೆ ಹೊಂದುವವರೆಗೆ ಹಳದಿಯತ್ತ ಸರಿಸಿ. ಕಣ್ಣಿನಲ್ಲಿ ಹಗಲು-ರಾತ್ರಿಯ ಸಂಕೇತ ಕೊಡುವ ಜೀವಕೋಶಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುವುದರಿಂದ ಹಳದಿಯಿಂದ ಅನುಕೂಲವಿದೆ. ಆದರೆ ಹಳದಿ ಮಾಡಿ ಪ್ರಖರತೆ ಏರಿಸಿದರೆ ಆ ಅನುಕೂಲ ಉಳಿಯದು. ಪಕ್ಕದ ದೀಪವನ್ನು ಪೂರ್ತಿ ಆರಿಸದಿರುವುದು ಒಳ್ಳೆಯದು. ಸುತ್ತ ಕತ್ತಲಾಗಿ ಪುಟವೊಂದೇ ಹೊಳೆದರೆ ಪಾಪೆ ಹಿಗ್ಗಿಯೇ ಇರುತ್ತದೆ.

ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹೇಗೆ? ಪ್ರಯೋಗಗಳಲ್ಲಿ ಬಿಳಿಯ ಮೇಲಿನ ಕಪ್ಪಕ್ಷರವೇ ಸ್ಪಷ್ಟ ಎಂದು ಮತ್ತೆ ಮತ್ತೆ ಕಂಡಿದೆ, ಬೆಳ್ಳನೆಯ ಪುಟ ಪಾಪೆಯನ್ನು ಕಿರಿದಾಗಿಡುವುದು ಅದಕ್ಕೆ ಒಂದು ಕಾರಣ. ಕಪ್ಪಿನ ಮೇಲೆ ಬಿಳಿ ಗೆರೆ ಹರಡಿದಂತೆ ಕಾಣುತ್ತದೆ, ಆಸ್ಟಿಗ್ಮ್ಯಾಟಿಸಂ ಇರುವವರಿಗೆ ಇನ್ನೂ ಹೆಚ್ಚು. ಕನ್ನಡದ ಸುರುಳಿಗಳು ಇಂಥಲ್ಲಿ ಬೇಗ ಮುಚ್ಚಿಕೊಳ್ಳುತ್ತವೆ. ಆದರೂ ಪೊರೆ ಬಂದ ಕಣ್ಣಿನವರಿಗೆ ಕಪ್ಪು ಪುಟವೇ ಹಿತವೆನಿಸಬಹುದು, ಪಕ್ಕದಲ್ಲಿ ಮಗು ಮಲಗಿದ್ದರೂ ಅದೇ ಅನುಕೂಲ. ಆಗ ಫೋನಿನಲ್ಲಿ ಅಕ್ಷರಕ್ಕೆ ಅಚ್ಚ ಬಿಳಿಯ ಬದಲು #C8C0B0ದಂಥ ಮಾಸಲು ಬಣ್ಣ, ಹಿನ್ನೆಲೆಗೆ #121212 ಕೊಟ್ಟು, ಗಾತ್ರ ಒಂದು ಹಂತ ಏರಿಸಿ, ದಪ್ಪ ಒಂದು ಹಂತ ಇಳಿಸಬೇಕು.

ಇಷ್ಟೂ ಹೊಂದಾಣಿಕೆ ಇಪಬ್ ಪುಸ್ತಕಗಳಿಗೆ. ಪಿಡಿಎಫ್ ಪುಟದಲ್ಲಿ ಅಕ್ಷರ, ಸಾಲು ಎಲ್ಲ ಅಚ್ಚಾದಂತೆ ನಿಂತಿರುತ್ತವೆ. ಅಲ್ಲಿ ಸುಲಭವಾಗಿ ಮಾಡಬಹುದಾದದ್ದು ಖಾಲಿ ಅಂಚನ್ನು ಕತ್ತರಿಸುವುದು ಮತ್ತು ಸಾಧನವನ್ನು ಅಡ್ಡ ಹಿಡಿದು ಪುಟವನ್ನು ಅರ್ಧರ್ಧವಾಗಿ ಓದುವುದು.

ಮುಂದೆ ಎಂದಾದರೂ ಓದು ಭಾರವೆನಿಸಿದರೆ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಮುಟ್ಟಬೇಡಿ. ಅಕ್ಷರ ತಪ್ಪಿ ಓದುತ್ತಿದ್ದರೆ ಗಾತ್ರ ಮತ್ತು ದಪ್ಪ ನೋಡಿ. ಓದಿದ ಸಾಲಿಗೇ ಮರಳುತ್ತಿದ್ದರೆ ಸಾಲಿನ ಅಂತರ ನೋಡಿ. ಪದದಿಂದ ಪದಕ್ಕೆ ಕಣ್ಣು ಎಡವುತ್ತಿದ್ದರೆ ಅಂಚು ಮತ್ತು ಜಸ್ಟಿಫೈ ನೋಡಿ. ಪುಟದಿಂದ ಗೋಡೆಯತ್ತ ತಿರುಗಿದಾಗ ಪುಟದ ಆಕಾರ ಕಣ್ಣೆದುರು ಉಳಿದರೆ ಬೆಳಕು ಹೆಚ್ಚಾಗಿದೆ. ಕಣ್ಣು ಒಣಗಿ ಉರಿಯುತ್ತಿದ್ದರೆ ರೆಪ್ಪೆ ಬಡಿಯುವುದು ಕಡಿಮೆಯಾಗಿದೆ, ಅದಕ್ಕೆ ಯಾವ ಗುಂಡಿಯೂ ಇಲ್ಲ, ಸ್ವಲ್ಪ ಹೊತ್ತು ಓದು ನಿಲ್ಲಿಸಬೇಕು. ಇನ್ನು ಅಕ್ಷರವನ್ನು ತಿಂಗಳಿಂದ ತಿಂಗಳಿಗೆ ದೊಡ್ಡದು ಮಾಡುತ್ತಲೇ ಹೋಗಬೇಕಾಗಿ ಬಂದರೆ ಬದಲಾಗಬೇಕಾದದ್ದು ಪುಟವಲ್ಲ, ಕನ್ನಡಕದ ನಂಬರು.