ಹನ್ನೆರಡು ಹದಿನಾರಾಗುವ ಲೆಕ್ಕ

ಸಾಲದ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಒಂದು ಸಂಖ್ಯೆ, ಸಾಲ ಮಂಜೂರಾದಾಗ ಕೈಗೆ ಬರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿರುವುದು ಇನ್ನೊಂದು. ಫಲಕದಲ್ಲಿ ಶೇ 12, ಕಾಗದದಲ್ಲಿ ಎಪಿಆರ್, ಅಂದರೆ ವಾರ್ಷಿಕ ಶೇಕಡಾವಾರು ದರ, ಶೇ 16.1. ಇದನ್ನು ಕಂಡವರಲ್ಲಿ ಕೆಲವರು ಮೋಸವೆಂದು ಸಿಟ್ಟಾಗುತ್ತಾರೆ, ಹೆಚ್ಚಿನವರು ಆ ಸಾಲನ್ನು ನೋಡದೆಯೇ ಸಹಿ ಹಾಕುತ್ತಾರೆ. ಎರಡೂ ಸರಿಯಲ್ಲ. ಈ ಎರಡು ದರಗಳ ನಡುವೆ ಅಂತರ ಇರುವುದು ತಪ್ಪಲ್ಲ. ಆ ಅಂತರಕ್ಕೆ ಕಾಗದದಲ್ಲೇ ಪೂರ್ತಿ ಲೆಕ್ಕ ಸಿಗದಿದ್ದರೆ ಮಾತ್ರ ಅದು ತಪ್ಪು. ಹಾಗಾಗಿ ಎಪಿಆರ್ ಎಷ್ಟಿದೆ ಎಂದು ನೋಡಿದರೆ ಸಾಲದು, ಜಾಹೀರಾತಿನ ದರದಿಂದ ಅಲ್ಲಿಯವರೆಗೆ ಅದು ಏರಿದ್ದು ಹೇಗೆ ಎಂದು ನೋಡಬೇಕು.

ಈ ಕಾಗದ ಸಾಲ ಕೊಡುವವರ ಸೌಜನ್ಯದಿಂದ ಬಂದದ್ದಲ್ಲ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ರಿಟೇಲ್ ಸಾಲಗಳಿಗೂ, ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ಇದನ್ನು ಕೊಡಲೇಬೇಕು. ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಕಾಗದದಲ್ಲಿರುವ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಬದಲಾಗುವಂತಿಲ್ಲ. ಎಪಿಆರ್ ಲೆಕ್ಕ ಹಾಕಿದ ಹಾಳೆ ಮತ್ತು ತಿಂಗಳುವಾರು ಕಂತಿನ ಪಟ್ಟಿ ಅದರ ಜೊತೆಗಿರಬೇಕು. ಪರೀಕ್ಷೆಗೆ ಬೇಕಾದ ಸಾಮಗ್ರಿಯೆಲ್ಲ ಕೈಯಲ್ಲೇ ಇದೆ ಎಂದಾಯಿತು.

ಒಂದು ಲಕ್ಷ ರೂಪಾಯಿಯ ವೈಯಕ್ತಿಕ ಸಾಲವನ್ನು ತೆಗೆದುಕೊಳ್ಳೋಣ. ಬಡ್ಡಿ ಶೇ 12, ಅವಧಿ 24 ತಿಂಗಳು, ಕಂತು 4,707 ರೂಪಾಯಿ. ಪ್ರೊಸೆಸಿಂಗ್ ಫೀ ಶೇ 2, ಅಂದರೆ 2,000. ಅದರ ಮೇಲೆ ಶೇ 18 ಜಿಎಸ್‌ಟಿ 360. ಸಾಲಕ್ಕೆ ಅಂಟಿಸಿದ ವಿಮೆಯ ಕಂತು 1,640. ಒಟ್ಟು 4,000 ರೂಪಾಯಿಯನ್ನು ಮೊದಲೇ ಮುರಿದುಕೊಂಡು ಖಾತೆಗೆ 96,000 ಹಾಕುತ್ತಾರೆ. ಆದರೆ ಬಡ್ಡಿ ಓಡುವುದು ಒಂದು ಲಕ್ಷದ ಮೇಲೆ. ಮುಂಗಡ ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಎಣಿಸಿಕೊಡುವ ಊರಿನ ಲೇವಾದೇವಿಯ ಲೆಕ್ಕ ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬಡ್ಡಿದರ ಹೇಳುವುದು ಕಾಗದದ ಮೇಲಿನ ಸಾಲಕ್ಕೆ ಎಷ್ಟು ತೆರುತ್ತೇವೆ ಎಂಬುದನ್ನು. ಎಪಿಆರ್ ಹೇಳುವುದು ಕೈಗೆ ಬಂದ ಹಣಕ್ಕೆ ಎಷ್ಟು ತೆರುತ್ತೇವೆ ಎಂಬುದನ್ನು. ಮೊಬೈಲಿನ ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಬರೆದರೆ ಸಾಕು:

```
=RATE(24,-4707,96000)*12
```

ಮೊದಲನೆಯದು ಕಂತುಗಳ ಸಂಖ್ಯೆ, ಎರಡನೆಯದು ಕಂತಿನ ಮೊತ್ತ, ಮೂರನೆಯದು ಖಾತೆಗೆ ಬರುವ ಹಣ. ಉತ್ತರ ಸುಮಾರು ಶೇ 16.1. ಮೂರನೆಯ ಜಾಗದಲ್ಲಿ 1,00,000 ಹಾಕಿದರೆ ಮತ್ತೆ ಶೇ 12 ಬರುತ್ತದೆ. ಅಂದರೆ ಇಲ್ಲಿನ ನಾಲ್ಕು ಶೇಕಡಾದ ಅಂತರವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಆ 4,000 ರೂಪಾಯಿಯೇ ಹುಟ್ಟಿಸಿದೆ, ಲೆಕ್ಕ ಕೂಡಿಬಂತು.

ಕೂಡಿಬರದಿದ್ದಾಗ ಏನಾಗಿರಬಹುದು ಎಂಬುದನ್ನು ತಪ್ಪಿನ ದಿಕ್ಕೇ ಹೇಳುತ್ತದೆ. ಶುಲ್ಕ ಕಡಿದುಕೊಂಡೂ ಎಪಿಆರ್ ಜಾಗದಲ್ಲಿ ಶೇ 12 ಎಂದೇ ಮುದ್ರಿಸಿದ್ದರೆ, ಬಡ್ಡಿದರವನ್ನೇ ನಕಲು ಮಾಡಿದ್ದಾರೆ. ಶೇ 14.4ರ ಆಸುಪಾಸಿನಲ್ಲಿದ್ದರೆ ಫೀ ಸೇರಿಸಿ ವಿಮೆಯನ್ನು ಬಿಟ್ಟಿದ್ದಾರೆ. ಇನ್ನು ಶುಲ್ಕ ಏನೂ ಇಲ್ಲದೆ ಅಂತರ ದೊಡ್ಡದಿದ್ದರೆ ಜಾಹೀರಾತಿನ ದರ ಫ್ಲ್ಯಾಟ್ ದರವಾಗಿರುವ ಸಾಧ್ಯತೆಯೇ ಹೆಚ್ಚು. ಒಂದು ಲಕ್ಷಕ್ಕೆ ಶೇ 10ರ ಫ್ಲ್ಯಾಟ್ ಬಡ್ಡಿಯಲ್ಲಿ ಎರಡು ವರ್ಷಕ್ಕೆ 20,000 ಸೇರಿಸಿ 24ರಿಂದ ಭಾಗಿಸಿದರೆ ಕಂತು ಸರಿಯಾಗಿ 5,000. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಲಕ್ಷದ ಮೇಲೆಯೇ ಬಿದ್ದಿರುತ್ತದೆ. ನಿಜವಾದ ದರ ಶೇ 18.2ರಷ್ಟು.

ವಿಮೆಯನ್ನು ಸೇರಿಸುವುದಕ್ಕೆ ಆಕ್ಷೇಪವಿದೆ. ಅದು ಸಾಲಗಾರನ ಕುಟುಂಬಕ್ಕೇ ಸಿಗುವ ರಕ್ಷಣೆ, ವಿಮಾ ಕಂಪನಿಗೆ ಹೋಗುವ ಹಣ, ಅದನ್ನು ಸಾಲದ ಬೆಲೆ ಎನ್ನುವುದು ಹೇಗೆ ಎಂಬ ವಾದ. ವಿಮೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಪ್ರಶ್ನೆ. ಸಾಲ ಕೊಟ್ಟವರೇ ಅದನ್ನು ವಸೂಲಿ ಮಾಡಿದರೆ ಖರ್ಚು ಸಾಲದ ಜೊತೆಗೇ ಬಂದದ್ದು. ಮೂರನೆಯವರ ಪರವಾಗಿ ವಸೂಲಿ ಮಾಡುವ ವಿಮೆ, ಕಾನೂನು ಶುಲ್ಕದಂಥವನ್ನೂ ಎಪಿಆರ್‌ಗೆ ಸೇರಿಸಿ, ಬೇರೆಯಾಗಿ ತೋರಿಸಬೇಕೆಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೂ ಹೇಳುತ್ತದೆ. ಕಾಗದದಲ್ಲಿ ಇಲ್ಲದ ಶುಲ್ಕವನ್ನು ಸಾಲದ ಅವಧಿಯ ಯಾವ ಹಂತದಲ್ಲೂ ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ.

ಇನ್ನೊಂದು ಮಾತನ್ನು ಸಾಲ ಮಾರುವವರು ನಗುತ್ತಲೇ ಹೇಳುತ್ತಾರೆ: ನಾಲ್ಕು ಸಾವಿರದ ವಿಷಯ, ಶೇಕಡಾ ಲೆಕ್ಕ ಹಾಕಿ ಹೆದರುವುದೇಕೆ? ಎದುರಿಗೆ ಬೇರೆ ಸಾಲ ಇಲ್ಲದಿದ್ದರೆ ಈ ಮಾತು ನಡೆಯುತ್ತದೆ. ಪಕ್ಕದ ಬ್ಯಾಂಕು ಯಾವ ಶುಲ್ಕವೂ ಇಲ್ಲದೆ ಶೇ 13.5ಕ್ಕೆ ಕೊಡುತ್ತಿದ್ದರೆ ಅಲ್ಲಿ ಎರಡು ವರ್ಷದ ಬಡ್ಡಿ ಸುಮಾರು 14,665. ನಮ್ಮ ಶೇ 12ರ ಸಾಲದಲ್ಲಿ ಬಡ್ಡಿ 12,976, ಶುಲ್ಕ 4,000, ಒಟ್ಟು 16,976. ಫಲಕದಲ್ಲಿ ಅಗ್ಗವಾಗಿ ಕಂಡದ್ದು 2,300 ರೂಪಾಯಿ ದುಬಾರಿ, ಅದೂ ನಾಲ್ಕು ಸಾವಿರ ಕಡಿಮೆ ಹಣ ಕೈಗೆ ಕೊಟ್ಟು.

ಹಾಗೆಂದು ಎಪಿಆರ್ ಕಡಿಮೆ ಇರುವ ಸಾಲವೇ ಒಳ್ಳೆಯದೆಂದು ನಂಬಿದರೆ ಬೇರೆ ಕಡೆ ಏಟು ಬೀಳುತ್ತದೆ. ಅದೇ ಶೇ 12, ಅದೇ 4,000 ಶುಲ್ಕ ಇಟ್ಟುಕೊಂಡು ಅವಧಿ ಮಾತ್ರ ಬದಲಿಸಿ ನೋಡಿ. ಒಂದು ವರ್ಷದ ಸಾಲಕ್ಕೆ ಎಪಿಆರ್ ಶೇ 19.8, ಐದು ವರ್ಷಕ್ಕೆ ಶೇ 13.8. ಒಮ್ಮೆ ತೆಗೆದುಕೊಂಡ ಶುಲ್ಕ ಹೆಚ್ಚು ತಿಂಗಳಿಗೆ ಹಂಚಿಹೋಗುತ್ತದೆ, ಅಷ್ಟೆ. ರೂಪಾಯಿಯಲ್ಲಿ ನೋಡಿದರೆ ಒಂದು ವರ್ಷದ ಬಡ್ಡಿ 6,619, ಐದು ವರ್ಷದ್ದು 33,467. ಕಂತು ಭಾರವಾಯಿತೆಂದವರಿಗೆ ಅವಧಿ ಹಿಗ್ಗಿಸಿ, ದರವೂ ಇಳಿಯಿತು ನೋಡಿ ಎಂದು ತೋರಿಸುವುದು ಸುಲಭ. ಆದ್ದರಿಂದ ಸಾಲದ ಮೊತ್ತ ಮತ್ತು ಅವಧಿ ಒಂದೇ ಆಗಿದ್ದಾಗ ಮಾತ್ರ ಎರಡು ಎಪಿಆರ್‌ಗಳನ್ನು ಎದುರುಬದುರು ಇಡಬೇಕು. ಬಡ್ಡಿ ಏರಿಳಿಯುವ ಸಾಲವಾದರೆ ಆ ಸಂಖ್ಯೆ ಇಂದಿನ ದರಕ್ಕೆ ಮಾತ್ರ ನಿಜ.

ಎಪಿಆರ್ ಇಟ್ಟುಕೊಂಡಿರುವ ಇನ್ನೊಂದು ನಂಬಿಕೆ, ನಾವು ಕೊನೆಯ ಕಂತಿನವರೆಗೂ ಕಟ್ಟುತ್ತೇವೆ ಎಂಬುದು. ಸಾಲವನ್ನು ಬೇಗ ತೀರಿಸಿಕೊಳ್ಳಬೇಕೆಂಬ ಹಂಬಲ ಇರುವ ಮನೆಗಳಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಎರಡು ವರ್ಷದ ಆ ಸಾಲವನ್ನೇ ಹನ್ನೆರಡು ಕಂತು ಕಟ್ಟಿ, ಬಾಕಿ ಉಳಿದ 52,982 ರೂಪಾಯಿಯನ್ನು ಒಂದೇ ಸಲಕ್ಕೆ ತೀರಿಸಿದರೆ ನಿಜವಾದ ದರ ಶೇ 17.5ಕ್ಕೆ ಏರುತ್ತದೆ, ಏಕೆಂದರೆ ಕೊಟ್ಟ ಶುಲ್ಕ ವಾಪಸ್ ಬರುವುದಿಲ್ಲ. ನಿಗದಿತ ಬಡ್ಡಿಯ ಸಾಲಕ್ಕೆ ಅವಧಿಗೆ ಮುನ್ನ ಮುಗಿಸುವ ಶುಲ್ಕವೆಂದು ಬಾಕಿಯ ಶೇ 4, ಮೇಲೆ ಜಿಎಸ್‌ಟಿ ಹಾಕಿದರೆ ಇನ್ನೂ 2,500 ರೂಪಾಯಿ ಸೇರಿ ದರ ಶೇ 20.4 ಆಗುತ್ತದೆ. ಈ ಶುಲ್ಕ ಎಪಿಆರ್ ಲೆಕ್ಕದ ಒಳಗಿರುವುದಿಲ್ಲ. ತಡವಾದ ಕಂತಿನ ದಂಡದ ಜೊತೆಗೆ, ಸಂದರ್ಭ ಬಂದಾಗ ಬೀಳುವ ಶುಲ್ಕಗಳ ಸಾಲಿನಲ್ಲಿ ಬೇರೆಯಾಗಿ ಕೂತಿರುತ್ತದೆ. ಬೋನಸ್ಸೋ ಚೀಟಿಯ ಹಣವೋ ಬಂದೊಡನೆ ಸಾಲ ಮುಗಿಸುವ ಯೋಚನೆಯಿದ್ದವರು, ಷರತ್ತು ಬದಲಾಗದ ಆ ಮೂರು ಕೆಲಸದ ದಿನಗಳೊಳಗೆ ಮೊದಲು ಓದಬೇಕಾದದ್ದು ಎಪಿಆರ್ ಅನ್ನಲ್ಲ, ಈ ಸಾಲನ್ನು.