ಕೋಣೆಯೊಳಗೊಂದು ಕೋಣೆ

ಮಗ ಡ್ರಮ್ಸ್ ಕಲಿಯಲು ಶುರು ಮಾಡಿದ ಮೂರನೇ ವಾರಕ್ಕೆ ಕೆಳಗಿನ ಮನೆಯ ಬಾಡಿಗೆದಾರರು ಮೆಟ್ಟಿಲು ಹತ್ತಿ ಬರುತ್ತಾರೆ. ಮುಂದಿನ ಭಾನುವಾರ ಯಾರದೋ ಸಲಹೆಯಂತೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟುತ್ತವೆ, ಆಮೇಲೆ ಥರ್ಮೋಕೋಲು, ಕೊನೆಗೆ ದಪ್ಪ ಪರದೆ. ಕೋಣೆಯೊಳಗೆ ಸದ್ದು ತುಸು ಮೆತ್ತಗಾಗುತ್ತದೆ, ಗೋಡೆಯಾಚೆಗೆ ಏನೂ ಬದಲಾಗುವುದಿಲ್ಲ. ಬಾಡಿಗೆದಾರರು ಮತ್ತೆ ಬರುತ್ತಾರೆ.

ಎರಡು ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡಿದ್ದು ಇಲ್ಲಿನ ತಪ್ಪು. ಮೆತ್ತನೆಯ ವಸ್ತು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ. ಸದ್ದು ಹೊರಗೆ ಹೋಗದಂತೆ ತಡೆಯುವುದಕ್ಕೆ ಬೇಕಾದದ್ದು ತೂಕ, ಅದಕ್ಕಿಂತ ಹೆಚ್ಚಾಗಿ ಬಿಡಿಸಿಟ್ಟ ಎರಡು ಪದರ. ಗಾಳಿಯಂತೆ ಹಗುರವಾದ ಥರ್ಮೋಕೋಲಿಗೆ ತೂಕವೇ ಇಲ್ಲ. ಅದನ್ನು ಗೋಡೆಗೆ ಅಂಟಿಸಿ ಮೇಲೆ ಪ್ಲಾಸ್ಟರ್ ಬಳಿದರೆ ಕೆಲವು ಸ್ವರಗಳಿಗೆ ಗೋಡೆ ಮೊದಲಿಗಿಂತಲೂ ದುರ್ಬಲವಾಗುತ್ತದೆ.

ತೂಕದಿಂದ ಮಾತ್ರ ಗೆಲ್ಲಲು ಹೊರಟರೆ ಏನಾಗುತ್ತದೆ? ಗೋಡೆಯ ತೂಕವನ್ನು ಎರಡು ಪಟ್ಟು ಮಾಡಿದರೆ ಸಿಗುವ ಲಾಭ ಹೆಚ್ಚೆಂದರೆ 6 ಡೆಸಿಬಲ್. ಕಿವಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಈಗ ತಡೆಯುತ್ತಿರುವುದಕ್ಕಿಂತ 20 ಡೆಸಿಬಲ್ ಹೆಚ್ಚು ತಡೆಯಬೇಕೆಂದರೆ ಅದನ್ನು ಹತ್ತು ಪಟ್ಟು ದಪ್ಪ ಮಾಡಬೇಕು, ಅಂದರೆ ಏಳೂವರೆ ಅಡಿ. ಚಿತ್ರದುರ್ಗದಲ್ಲಿ ನಡೆದೀತು, 30x40 ಸೈಟಿನಲ್ಲಿ ನಡೆಯದು. ಅದೇ ಕೆಲಸವನ್ನು ಐದಾರು ಇಂಚಿನಲ್ಲಿ ಮಾಡಿಕೊಡುವುದು ಜೋಡಿ ಗೋಡೆ.

ಒಂದು ಕೋಣೆಯನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. ಬೆಂಗಳೂರಿನ ಸಾಮಾನ್ಯ ಮನೆ, ಮೊದಲ ಮಹಡಿ, ಹತ್ತು ಅಡಿಗೆ ಹನ್ನೆರಡು ಅಡಿಯ ರೂಮು. ಕೆಳಗೆ ಬಾಡಿಗೆ ಮನೆ, ಮೇಲೆ ಟೆರೇಸು. ಒಂದು ಬದಿಯಲ್ಲಿ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಒಳಗೆ ಡ್ರಮ್ಸ್ ಬಾರಿಸಿದಾಗ 105 ಡೆಸಿಬಲ್ ಸುಲಭವಾಗಿ ಮುಟ್ಟುತ್ತದೆ. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ಹಗಲು 55, ರಾತ್ರಿ ಹತ್ತರ ನಂತರ 45.

ಇಲ್ಲಿ ಮಾಡಬೇಕಾದದ್ದು ಇಷ್ಟು: ಇರುವ ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟುವುದು, ಅದು ಹಳೆಯ ಕೋಣೆಯನ್ನು ಎಲ್ಲಿಯೂ ಗಟ್ಟಿಯಾಗಿ ಮುಟ್ಟದಂತೆ ನೋಡಿಕೊಳ್ಳುವುದು. ಹಳೆಯ ಗೋಡೆಯಿಂದ ಎರಡು ಇಂಚು ಬಿಟ್ಟು, ಎರಡು ಇಂಚಿನ ಜಿಐ ಚಾನೆಲ್‌ಗಳ ಚೌಕಟ್ಟು ಸ್ವತಂತ್ರವಾಗಿ ನಿಲ್ಲುತ್ತದೆ. ಅದರ ಒಳಮುಖಕ್ಕೆ ಜಿಪ್ಸಮ್ ಬೋರ್ಡು, ಒಂದರ ಮೇಲೊಂದು ಎರಡು ಪದರ. ನಡುವಿನ ನಾಲ್ಕು ಇಂಚಿನ ಖಾಲಿ ಜಾಗಕ್ಕೆ ರಾಕ್‌ವೂಲ್. ಸೀಲಿಂಗ್ ಕೂಡ ಇದೇ ಒಳಗೋಡೆಗಳ ಮೇಲೆ ಕೂರಬೇಕು. ಮೇಲಿನ ಸ್ಲ್ಯಾಬಿನಿಂದ ತಂತಿ ಇಳಿಬಿಟ್ಟು ನೇತುಹಾಕುವುದು ಫಾಲ್ಸ್ ಸೀಲಿಂಗ್‌ನವರ ರೂಢಿ. ಪಕ್ಕದಲ್ಲಿ ನಿಂತು ನೋಡಿಕೊಳ್ಳದಿದ್ದರೆ ಅವರು ಅದನ್ನೇ ಮಾಡುತ್ತಾರೆ.

ನಾಲ್ಕು ಇಂಚೇ ಏಕೆ? ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಎರಡೂ ಬದಿಯ ತೂಕ ಆ ಸ್ಪ್ರಿಂಗಿನ ಮೇಲೆ ಒಂದು ನಿರ್ದಿಷ್ಟ ವೇಗದಲ್ಲಿ ಕುಣಿಯುತ್ತದೆ. ಆ ವೇಗದ ಸ್ವರ ಬಂದಾಗ ಜೋಡಿ ಗೋಡೆ ಒಂಟಿ ಗೋಡೆಗಿಂತಲೂ ಕೆಟ್ಟದಾಗಿ ಸೋರುತ್ತದೆ, ಅದಕ್ಕಿಂತ ಸಾಕಷ್ಟು ಮೇಲಿನ ಸ್ವರಗಳನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ನಮ್ಮ ಗೋಡೆಗೆ ಲೆಕ್ಕ ಹಾಕಿದರೆ, ರಾಕ್‌ವೂಲ್ ತುಂಬಿದ ನಾಲ್ಕು ಇಂಚಿನ ಜಾಗಕ್ಕೆ ಈ ಅಂಕಿ ಸುಮಾರು 37 ಹರ್ಟ್ಝ್. ಜಾಗ ಉಳಿಸಲು ಹೋಗಿ ಒಂದೇ ಇಂಚು ಬಿಟ್ಟರೆ 74 ಹರ್ಟ್ಝ್ ಆಗುತ್ತದೆ. ಡ್ರಮ್ಸಿನ ಕಾಲಿನ ಡೋಲು, ಅಂದರೆ ಕಿಕ್, ಗುಡುಗುವುದು ಹೆಚ್ಚಾಗಿ 50ರಿಂದ 80ರ ನಡುವೆ. ಉಳಿಸಿದ ಮೂರು ಇಂಚು ಕಿಕ್‌ಗೆ ಹೆಬ್ಬಾಗಿಲು ತೆರೆದುಕೊಡುತ್ತದೆ! ಹಾಡುಗಾರಿಕೆಗೋ ಪಿಟೀಲಿಗೋ ಈ ಚಿಂತೆ ಅಷ್ಟಿಲ್ಲ, ಅವುಗಳ ಸ್ವರಗಳು ಇದಕ್ಕಿಂತ ಎಷ್ಟೋ ಮೇಲಿವೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಮಾತ್ರ 41 ಹರ್ಟ್ಝ್‌ನಲ್ಲಿ ಮಿಡಿಯುವುದರಿಂದ ನಮ್ಮ ಗೋಡೆಗೂ ಅದು ಕಷ್ಟದ ಅತಿಥಿ.

ಇನ್ನು ನೆಲ. ಗಾಳಿಯಲ್ಲಿ ಬರುವ ಸದ್ದನ್ನು ಗೋಡೆ ತಡೆದರೂ, ಪೆಡಲು ತುಳಿದಾಗಿನ ಹೊಡೆತ ನೇರವಾಗಿ ಸ್ಲ್ಯಾಬಿಗೆ ಇಳಿದು ಇಡೀ ಮನೆಯ ಮೈಯೊಳಗೆ ಓಡುತ್ತದೆ. ಕೆಳಮನೆಯವರಿಗೆ ಕೇಳುವುದು ಸಂಗೀತವಲ್ಲ, ತಲೆಯ ಮೇಲಿನ ಧಡ್ ಧಡ್. ತೇಲುವ ನೆಲ ಇರುವುದು ಇದಕ್ಕಾಗಿ. ಈ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ತಿರುಗಿಸಿ ಬಳಸಿದ್ದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನೋಡಬಹುದು. 1991ರಲ್ಲಿ ತೆರೆದ ಅಲ್ಲಿನ ಸಿಂಫನಿ ಹಾಲ್ ರೈಲು ಸುರಂಗದ ಮೇಲಿದೆ, ರೈಲಿನ ನಡುಕ ಕಛೇರಿಯೊಳಗೆ ಬರದಂತೆ ಕಟ್ಟಡವನ್ನು ರಬ್ಬರಿನ ಮೇಲೆ ಕೂರಿಸಿದ್ದಾರೆ. ನಮ್ಮ ರೂಮಿನಲ್ಲಿ ಹೊಡೆತ ಹುಟ್ಟುವುದು ಮೇಲೆ, ತಪ್ಪಿಸಬೇಕಾದದ್ದು ಕೆಳಗೆ, ಅಷ್ಟೇ ವ್ಯತ್ಯಾಸ.

ಕಾಂಕ್ರೀಟಿನ ತೇಲುವ ನೆಲ ಒಳ್ಳೆಯದು, ಆದರೆ ಮಹಡಿಯ ಮೇಲೆ ಅದು ಅಪಾಯದ ಆಸೆ. ಮನೆಯ ಸ್ಲ್ಯಾಬುಗಳಲ್ಲಿ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ. ಮೂರು ಇಂಚಿನ ಕಾಂಕ್ರೀಟು ಒಂದೇ 180 ಕಿಲೋ ದಾಟುತ್ತದೆ. ಹಾಗಾಗಿ ಇಲ್ಲಿ ಮರದ ನೆಲವೇ ಸರಿ: ರಬ್ಬರ್ ಪ್ಯಾಡುಗಳ ಮೇಲೆ ಮರದ ತೊಲೆ, ಅದರ ಮೇಲೆ 18 ಮಿಲಿಮೀಟರಿನ ಪ್ಲೈವುಡ್ ಎರಡು ಪದರ, ಮೇಲೊಂದು ಸಿಮೆಂಟ್ ಬೋರ್ಡು. ತೊಲೆ ಬಿಟ್ಟು ಚದರ ಮೀಟರಿಗೆ 40 ಕಿಲೋ. ಒಳಗೋಡೆ, ಸೀಲಿಂಗು, ನೆಲ, ಡ್ರಮ್ಸು, ಬಾರಿಸುವವನು ಎಲ್ಲ ಕೂಡಿದರೆ ಈ ಕೋಣೆಗೆ ಹೊಸದಾಗಿ ಬೀಳುವ ಭಾರ ಒಂದೂವರೆ ಟನ್ನಿನ ಮೇಲೆ. ಚದರ ಮೀಟರಿಗೆ ಹಂಚಿದರೆ 140 ಕಿಲೋ ಆಸುಪಾಸು. ಮಿತಿಯೊಳಗೇ ಇದ್ದರೂ ಗೋಡೆಗಳ ಭಾರ ಅಂಚಿನಲ್ಲೇ ಬೀಳುವುದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಒಮ್ಮೆ ನೋಡದೆ ಕೆಲಸ ಶುರು ಮಾಡಬಾರದು. ನೆಲಮಹಡಿಯಲ್ಲಿ ಖಾಲಿ ಕೋಣೆ ಇದ್ದರೆ ಈ ತಲೆನೋವಿನ ಬಹುಪಾಲು ಇರುವುದೇ ಇಲ್ಲ.

ಪ್ಯಾಡುಗಳ ವಿಷಯದಲ್ಲಿ ‘ಜಾಸ್ತಿ ಹಾಕಿದರೆ ಒಳ್ಳೆಯದು’ ಎಂಬ ಮಾತು ನಡೆಯುವುದಿಲ್ಲ. ರಬ್ಬರ್ ಕೆಲಸ ಮಾಡುವುದು ಭಾರಕ್ಕೆ ತುಸು ಕುಗ್ಗಿದಾಗ, ಎರಡು ಮೂರು ಮಿಲಿಮೀಟರಿನಷ್ಟು. ಪ್ಯಾಡು ಹೆಚ್ಚಾದರೆ ಒಂದೊಂದಕ್ಕೂ ಭಾರ ಸಾಲದೆ ಅದು ಕಲ್ಲಿನಂತೆ ನಿಲ್ಲುತ್ತದೆ, ಕಡಿಮೆಯಾದರೆ ಚಪ್ಪಟೆಯಾಗುತ್ತದೆ. ಎರಡರಲ್ಲೂ ಹೊಡೆತ ಕೆಳಗಿಳಿಯುತ್ತದೆ. ತಯಾರಕರು ಕೊಡುವ ಪಟ್ಟಿಯಲ್ಲಿ ಒಂದು ಪ್ಯಾಡಿಗೆ ಎಷ್ಟು ಕಿಲೋ ಎಂದಿರುತ್ತದೆ. ನೆಲದ ತೂಕವನ್ನು ಅದರಿಂದ ಭಾಗಿಸಿ ಲೆಕ್ಕ ತೆಗೆದು, ಡ್ರಮ್ಸ್ ಕೂರುವ ಜಾಗಕ್ಕೆ ಒಂದಿಷ್ಟು ಹೆಚ್ಚು ಹಾಕಬೇಕು.

ನೆಲದಡಿಯ ಗಾಳಿಯೂ ಸ್ಪ್ರಿಂಗೇ ಎಂಬುದನ್ನು ಅನುಭವಸ್ಥರೂ ಮರೆಯುವುದುಂಟು. ಎಷ್ಟೇ ಒಳ್ಳೆಯ ರಬ್ಬರ್ ತಂದರೂ, ಈ ಹಗುರ ನೆಲದ ಕೆಳಗೆ ಒಂದೇ ಇಂಚು ಜಾಗವಿದ್ದರೆ ನೆಲ ಕುಣಿಯುವುದು 60 ಹರ್ಟ್ಝ್‌ನಲ್ಲಿ, ಸರಿಯಾಗಿ ಕಿಕ್ ಮೇಲೆ. ನಾಲ್ಕು ಇಂಚು ಬಿಟ್ಟು ರಾಕ್‌ವೂಲ್ ತುಂಬಿದರೆ ಅದು 30ರ ಕೆಳಗಿಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಕೆಡುವುದು ಸಣ್ಣಪುಟ್ಟದರಲ್ಲಿ. ತೇಲುವ ನೆಲ ಮತ್ತು ಗೋಡೆಯ ನಡುವೆ ಸುತ್ತಲೂ ಅರ್ಧ ಇಂಚಿನ ಸಂದು ಬಿಟ್ಟು ಫೋಮ್ ಪಟ್ಟಿ ಇಟ್ಟಿರುತ್ತಾರೆ. ಕೊನೆಯ ದಿನ ಬಡಗಿ ಬಂದು ಚೆಂದಕ್ಕೆಂದು ಸ್ಕರ್ಟಿಂಗ್ ಪಟ್ಟಿಯನ್ನು ನೆಲಕ್ಕೂ ಗೋಡೆಗೂ ಸೇರಿಸಿ ಮೊಳೆ ಹೊಡೆಯುತ್ತಾನೆ, ಅಲ್ಲಿಗೆ ನೆಲ ತೇಲುವುದು ನಿಂತಿತು. ಚೌಕಟ್ಟು ಅಲ್ಲಾಡದಿರಲೆಂದು ಹಳೆಗೋಡೆಗೆ ಬಿಗಿದ ಒಂದು ಕ್ಲಾಂಪು, ಎರಡೂ ಗೋಡೆ ತೂರುವ ಗಟ್ಟಿ ವೈರಿಂಗ್ ಪೈಪು, ನಡುವೆ ಬಿದ್ದ ಗಾರೆಯ ಉಂಡೆ, ಪ್ರತಿಯೊಂದೂ ಸದ್ದಿಗೆ ಸೇತುವೆ. ಪತ್ತೆ ಹಚ್ಚುವುದು ಕಷ್ಟವಲ್ಲ: ಒಬ್ಬರು ಒಳಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ಜಾಗ ಜಾಗದಲ್ಲಿ ತಟ್ಟುತ್ತ ಹೋಗಬೇಕು, ಇನ್ನೊಬ್ಬರು ಹೊರಗೋಡೆಗೆ ಕಿವಿ ಇಟ್ಟು ಕೇಳಬೇಕು. ಸೇತುವೆ ಇರುವಲ್ಲಿ ತಟ್ಟಿದ್ದು ಇದ್ದಕ್ಕಿದ್ದಂತೆ ಸ್ಪಷ್ಟವಾಗುತ್ತದೆ.

ಬಾಗಿಲಿನ ಲೆಕ್ಕ ಬಹಳ ಜನರನ್ನು ಬೆಚ್ಚಿಬೀಳಿಸುತ್ತದೆ. ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಗೋಡೆಯಲ್ಲಿರುವ ಮೂರಡಿ ಬಾಗಿಲಿನ ಕೆಳಗಿನ ಅರ್ಧ ಇಂಚಿನ ಸಂದು, ಇಡೀ ಗೋಡೆಯ ವಿಸ್ತೀರ್ಣದ ಸಾವಿರದಲ್ಲೊಂದು ಭಾಗ ಮಾತ್ರ. ಆದರೆ ಆ ಒಂದು ಸಂದಿದ್ದರೆ ಗೋಡೆ ಎಂಥದ್ದೇ ಆಗಿರಲಿ, ತಡೆಯುವುದು ಹೆಚ್ಚುಕಮ್ಮಿ 30 ಡೆಸಿಬಲ್ಲಿಗೆ ನಿಂತುಬಿಡುತ್ತದೆ. ಆದ್ದರಿಂದ ಹಳೆಗೋಡೆಗೊಂದು, ಒಳಗೋಡೆಗೊಂದು, ಹೀಗೆ ಎರಡು ಭಾರದ ಬಾಗಿಲು, ನಾಲ್ಕೂ ಅಂಚಿಗೆ ರಬ್ಬರ್ ಪಟ್ಟಿ. ಕಿಟಕಿ ಬೇಕೇ ಬೇಕೆಂದರೆ ಅದಕ್ಕೂ ಇದೇ ನಿಯಮ. ಜಾರುವ ಅಲ್ಯೂಮಿನಿಯಂ ಕಿಟಕಿ ಇಲ್ಲಿ ಕೆಲಸಕ್ಕೆ ಬಾರದು.

ಹೀಗೆ ಸಂದಿಲ್ಲದೆ ಮುಚ್ಚಿದ ಕೋಣೆಯಲ್ಲಿ ಇಬ್ಬರು ಒಂದು ಗಂಟೆ ಅಭ್ಯಾಸ ಮಾಡಿದರೆ ಗಾಳಿ ಕೆಟ್ಟು ತಲೆ ಭಾರವಾಗುತ್ತದೆ. ಸ್ಪ್ಲಿಟ್ ಎಸಿ ಇದೆಯಲ್ಲ ಎನ್ನುವವರುಂಟು. ಅದು ಕೋಣೆಯ ಗಾಳಿಯನ್ನೇ ತಿರುತಿರುಗಿ ತಂಪು ಮಾಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಗಾಳಿ ಬರಲು ಒಂದು, ಹೋಗಲು ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಹಾವಿನಂತೆ ಮೂರ್ನಾಲ್ಕು ತಿರುವು ಕೊಟ್ಟು, ಗೋಡೆಗಳಿಗೆ ಸದ್ದು ಹೀರುವ ಹೊದಿಕೆ ಅಂಟಿಸಿ, ಹೊರತುದಿಗೆ ನಿಧಾನ ತಿರುಗುವ ಫ್ಯಾನು ಇಡಬೇಕು. ಗಾಳಿ ತಿರುವುಗಳಲ್ಲಿ ಹಾದು ಬರುತ್ತದೆ, ಸದ್ದು ಬಹುಪಾಲು ಅಲ್ಲೇ ಸವೆಯುತ್ತದೆ.

ಇಷ್ಟಾದರೂ ರಾತ್ರಿ ಹನ್ನೊಂದಕ್ಕೆ ಡ್ರಮ್ಸ್ ಬಾರಿಸಿದರೆ ಕೆಳಮನೆಗೆ ಕಿಕ್‌ನ ಛಾಯೆ ತಲುಪಿಯೇ ತಲುಪುತ್ತದೆ. ಹಗಲಿನ, ಸಂಜೆಯ ಅಭ್ಯಾಸಕ್ಕೆ ಮಾತ್ರ ಈ ಕೋಣೆ ನೆಮ್ಮದಿ ಕೊಟ್ಟೀತು. ವೀಣೆ, ಕೊಳಲು, ಪಿಟೀಲಿನ ಮನೆಯವರಿಗೆ ತೇಲುವ ನೆಲದ ಖರ್ಚು ಬೇಡವೇ ಬೇಡ, ಬಾಗಿಲು ಕಿಟಕಿಗಳನ್ನು ಸರಿಪಡಿಸಿದರೆ ಅರ್ಧ ಜಗಳ ಮುಗಿಯುತ್ತದೆ. ಜೋಡಿ ಗೋಡೆಗೇ ಕೈಹಾಕುವವರು ಬೋರ್ಡಿನ ಎರಡನೇ ಪದರ ಹೊಡೆಯುವ ಮೊದಲು ಒಂದು ಸಂಜೆ ಡ್ರಮ್ಸ್ ಬಾರಿಸಿ, ಕೆಳಮನೆಯಲ್ಲಿ ಕೂತು ಕೇಳಿಸಿಕೊಳ್ಳಿ. ಸೇತುವೆ ಎಲ್ಲಾದರೂ ಸಿಕ್ಕರೆ ಆಗ ಬಿಚ್ಚಬೇಕಾದದ್ದು ನಾಲ್ಕು ಸ್ಕ್ರೂ, ಪೇಂಟ್ ಆದ ಮೇಲೆ ಇಡೀ ಗೋಡೆ.