ಸಡಿಲವಾದ ಚಾಕುವಿನ ಹಿಡಿ

ಮಂಡ್ಯದ ಸೀಮೆಯಲ್ಲಿ ಗುದ್ದಲಿಯ ಕಾವು ಸಡಿಲಗೊಂಡಿತೆಂದರೆ ಅದನ್ನು ನಾಲೆಯ ನೀರಿನಲ್ಲಿ ಅದ್ದಿಟ್ಟು, ಮರವು ನೀರು ಕುಡಿದು ಉಬ್ಬಿ ಬಿಗಿಯಾದ ಬಳಿಕ ಕೆಲಸಕ್ಕೆ ತೊಡಗುವುದು ಬಹುಕಾಲದಿಂದ ನಡೆದುಬಂದ ರೂಢಿ. ಹೊಲದ ಈ ಉಪಾಯವೇ ಅಡಿಗೆಯ ಮನೆಗೂ ಬಂದು, ಹಿಡಿ ಅಲ್ಲಾಡುವ ಚಾಕುವನ್ನು ರಾತ್ರಿಯೆಲ್ಲ ನೀರಿನ ಪಾತ್ರೆಯಲ್ಲಿ ನಿಲ್ಲಿಸಿಡುವ ಗೃಹಿಣಿಯರನ್ನು ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ ಇಂದಿಗೂ ಕಾಣಬಹುದು. ಬೆಳಗಾಗುವಷ್ಟರಲ್ಲಿ ಹಿಡಿ ಬಿಗಿಯಾಗಿರುವುದು ಸುಳ್ಳಲ್ಲ. ಆದರೆ ಆ ಬಿಗಿತವೇ ಮುಂದಿನ ಸಡಿಲತೆಗೆ ಬೀಜವಾಗುವುದೆಂಬುದು ಮರದ ಸ್ವಭಾವವನ್ನು ಅರಿತವರಿಗಲ್ಲದೆ ಉಳಿದವರಿಗೆ ಸುಲಭವಾಗಿ ಹೊಳೆಯುವ ಸಂಗತಿಯಲ್ಲ.

ಮರವು ಸತ್ತ ಮೇಲೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುವ ವಸ್ತು. ಹೀಗೆ ಹೀರಿದಾಗ ಅದು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಉಬ್ಬುವುದಿಲ್ಲ. ಎಳೆಯ ಉದ್ದಕ್ಕೆ ಅದರ ಬೆಳವಣಿಗೆ ಗಣನೆಗೆ ಬಾರದಷ್ಟು ಅಲ್ಪ, ಎಳೆಗೆ ಅಡ್ಡಲಾಗಿಯಾದರೋ ಗಣನೀಯ. ತೇವಕ್ಕೆ ಅಷ್ಟಾಗಿ ಜಗ್ಗದ ಮರವೆಂದು ಹೆಸರಾದ ತೇಗವೂ ಸಹ ಹಸಿಯಿಂದ ಪೂರ್ಣವಾಗಿ ಒಣಗುವಷ್ಟರಲ್ಲಿ ವಾರ್ಷಿಕ ಉಂಗುರಗಳ ಗುಂಟ ಶೇಕಡಾ 5ರಿಂದ 6ರಷ್ಟು ಕುಗ್ಗುತ್ತದೆ. ಇತ್ತ ಉಕ್ಕಿಗೆ ತೇವದಿಂದ ಉಬ್ಬುವ ಗುಣವೇ ಇಲ್ಲ. ಚಾಕುವಿನ ಅಲಗು ಹಿಂದಕ್ಕೆ ಮುಂದುವರಿದು ಹಿಡಿಯೊಳಗೆ ಸೇರಿಕೊಂಡಿರುವ ಭಾಗವನ್ನು ಇಲ್ಲಿ ಬಾಲವೆಂದು ಕರೆಯೋಣ. ಎಂದಿಗೂ ಉಬ್ಬದ ಈ ಬಾಲಕ್ಕೂ ಪ್ರತಿ ಸಲ ತೊಳೆದಾಗಲೂ ಉಬ್ಬುವ ಮರಕ್ಕೂ ನಡೆಯುವ ತಿಕ್ಕಾಟವೇ ಹಿಡಿಯ ಸಡಿಲತೆಯ ಮೂಲ.

ಎಂಟು ಮಿಲಿಮೀಟರು ದಪ್ಪದ ಮರದ ಚಕ್ಕೆಯೊಂದು ಬಾಲಕ್ಕೆ ಒತ್ತಿಕೊಂಡು ಕುಳಿತಿದೆ, ರಿವೆಟ್ಟಿನ ತಲೆ ಅದನ್ನು ಹೊರಗಿನಿಂದ ಅದುಮಿ ಹಿಡಿದಿದೆ ಎಂದಿಟ್ಟುಕೊಳ್ಳೋಣ. ರಾತ್ರಿಯೆಲ್ಲ ನೀರಿನಲ್ಲಿದ್ದಾಗ ಅದು ಶೇಕಡಾ ಮೂರರಷ್ಟು, ಎಂದರೆ ಕಾಲು ಮಿಲಿಮೀಟರಿನಷ್ಟು ದಪ್ಪವಾಗಲು ಹವಣಿಸುತ್ತದೆ. ರಿವೆಟ್ಟು ಜಗ್ಗುವುದಿಲ್ಲ, ಬಾಲವೂ ಜಗ್ಗುವುದಿಲ್ಲ. ಉಬ್ಬಲು ಎಡೆಯಿಲ್ಲದೆ ಮರವು ತನ್ನನ್ನು ತಾನೇ ಹಿಸುಕಿಕೊಳ್ಳಬೇಕಾಗುತ್ತದೆ. ಎಳೆಗೆ ಅಡ್ಡಲಾಗಿ ಹಿಸುಕಿದಾಗ ಮರವು ಶೇಕಡಾ ಒಂದರ ಒಳಗಿನ ಕುಗ್ಗುವಿಕೆಯನ್ನು ಮಾತ್ರ ಸಹಿಸಿ ಮೊದಲಿನ ಸ್ಥಿತಿಗೆ ಮರಳಬಲ್ಲದು. ಅದನ್ನು ಮೀರಿದರೆ ಒಳಗಿನ ಕೋಶಗಳ ಗೋಡೆಗಳು ಕುಸಿದು ಶಾಶ್ವತವಾಗಿ ಚಪ್ಪಟೆಯಾಗುತ್ತವೆ. ಮರುದಿನ ಚಾಕು ಒಣಗಿದಾಗ ಮರವು ಕುಗ್ಗುವುದು ತನ್ನ ಪೂರ್ವದ ಅಳತೆಗಲ್ಲ, ಅದಕ್ಕಿಂತಲೂ ಕಿರಿದಾದ ಅಳತೆಗೆ. ಹೀಗೆ ಉಳಿದ ಕಾಗದದ ದಪ್ಪದ ಸಂದು ಮುಂದಿನ ನೆನೆಯುವಿಕೆಯಲ್ಲಿ ಮತ್ತಷ್ಟು ಹಿಗ್ಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳ ಒಣ ಗಾಳಿಯಲ್ಲಿ ಈ ಸಂದು ಎದ್ದು ಕಾಣುವುದು; ಮಳೆಗಾಲ ಬಂದು ತಾನಾಗಿ ಮುಚ್ಚಿಕೊಂಡಂತೆ ತೋರಿದರೂ ಒಳಗಿನ ಕೋಶಗಳು ಮಾತ್ರ ನೆಟ್ಟಗಾಗಿರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಗುದ್ದಲಿಯ ಕಾವು ಕಬ್ಬಿಣದ ಕಣ್ಣಿನೊಳಗೆ ಇರುವುದರಿಂದ ಉಬ್ಬಿದಾಗ ಬಿಗಿಯಾಗುತ್ತದೆ. ಆದರೆ ಉರುಟು ಮರದ ಹಿಡಿಗೆ ತೂತು ಕೊರೆದು ಮೊನಚಾದ ಬಾಲವನ್ನು ನಾಟಿದ ಚಾಕುವಿನಲ್ಲಿ ಮರವೇ ಉಕ್ಕನ್ನು ಸುತ್ತುವರಿದಿರುವುದು. ನಿರಾತಂಕವಾಗಿ ಉಬ್ಬುವ ಮರದಲ್ಲಿ ತೂತೂ ಮರದೊಂದಿಗೆ ದೊಡ್ಡದಾಗುತ್ತದೆ. ಆದುದರಿಂದ ಹಿಡಿಯ ಬಾಯಿಗೆ ಲೋಹದ ಬಳೆಯಿಲ್ಲದ ಚಾಕುವನ್ನು ನೀರಿನಲ್ಲಿಟ್ಟರೆ ಅದು ಅದೇ ಕ್ಷಣಕ್ಕೂ ಬಿಗಿಯಾಗದು. ಹಳೆಯ ಕಮ್ಮಾರರು ಹಿತ್ತಾಳೆಯ ಬಳೆಯನ್ನು ತೊಡಿಸುತ್ತಿದ್ದುದು ಅಲಂಕಾರಕ್ಕಲ್ಲ. ಮರ ಹೊರಗೆ ಹಿಗ್ಗದಂತೆಯೂ ಸೀಳದಂತೆಯೂ ತಡೆಯುವುದು ಅದರ ಉದ್ದೇಶ.

ಈ ತೂತಿನೊಳಗೆ ಬಾಲವನ್ನು ಹಿಡಿದು ನಿಲ್ಲಿಸುತ್ತಿದ್ದ ವಸ್ತು ಅರಗು. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವ ಚನ್ನಪಟ್ಟಣದಲ್ಲಿ ಬೊಂಬೆಗಳ ಮೇಲೆ ಬಣ್ಣವಾಗಿ ಮಿನುಗುವ ಅರಗೇ ಇಟ್ಟಿಗೆಯ ಪುಡಿಯೊಡನೆ ಬೆರೆತು ಚಾಕು, ಕತ್ತಿಗಳ ಹಿಡಿಯೊಳಗೆ ಅಂಟಾಗುತ್ತದೆ. ಇಟ್ಟಿಗೆಯ ಪುಡಿ ಅರಗಿನ ಬಿರುಸುತನವನ್ನು ತಗ್ಗಿಸಿ, ಆರುವಾಗ ಅದು ಹೆಚ್ಚು ಕುಗ್ಗದಂತೆ ನೋಡಿಕೊಳ್ಳುತ್ತದೆ. ಆದರೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಲೇ ಅರಗು ಮೆದುವಾಗುವುದರಿಂದ, ಜಿಡ್ಡು ಹೋಗಲೆಂದು ಕುದಿಯುವ ನೀರನ್ನು ಸುರಿಯುವ ಮನೆಯಲ್ಲಿ ಇಂತಹ ಹಿಡಿ ಬಹುಕಾಲ ಬಾಳದು.

ರಿವೆಟ್ಟಿನ ಚಾಕುವಿನಲ್ಲಿ ಬಾಲವು ಹಿಡಿಯಷ್ಟೇ ಅಗಲವಾಗಿದ್ದು, ಎರಡು ಪಕ್ಕದ ಚಕ್ಕೆಗಳನ್ನು ಎರಡೋ ಮೂರೋ ಹಿತ್ತಾಳೆಯ ರಿವೆಟ್ಟುಗಳು ಬಿಗಿದಿರುತ್ತವೆ. ಇದನ್ನು ಕಂಡವರು ಲೋಹದ ಬಂಧವಲ್ಲವೇ, ಅಂಟಿಗಿಂತ ಭದ್ರವೆಂದು ನಂಬುವುದು ಸಹಜ. ಚಕ್ಕೆ ಜಾರದಂತೆಯೂ ಕಳಚಿ ಬೀಳದಂತೆಯೂ ತಡೆಯುವಲ್ಲಿ ರಿವೆಟ್ಟಿಗೆ ಸಮನಾದುದಿಲ್ಲವೆಂಬುದು ನಿಜವೇ. ಆದರೆ ಅದು ಒತ್ತುವುದು ತನ್ನ ತಲೆಯ ಸುತ್ತಣ ಸ್ಥಳವನ್ನು ಮಾತ್ರ. ಎರಡು ರಿವೆಟ್ಟುಗಳ ನಡುವೆ ನೀರು ಒಳಸೇರುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಅಂಟಾದರೋ ಸಂದನ್ನೆಲ್ಲ ತುಂಬಿ ನೀರಿಗೆ ಬಾಗಿಲು ಮುಚ್ಚುತ್ತದೆ, ಭಾರವನ್ನು ಇಡೀ ಮೇಲ್ಮೈಗೆ ಹಂಚುತ್ತದೆ. ಆದರೆ ಒಂದು ಅಂಚಿನಿಂದ ಎಬ್ಬಿಸಿ ಸಿಪ್ಪೆಯಂತೆ ಸುಲಿಯುವ ಬಲದ ಎದುರಿಗೆ ಅದು ದುರ್ಬಲ. ಆ ಅಂಚನ್ನು ಏಳಗೊಡದಂತೆ ಹಿಡಿಯುವವು ರಿವೆಟ್ಟುಗಳು. ಆದಕಾರಣ ಇವೆರಡರಲ್ಲಿ ಯಾವುದು ಮೇಲೆಂದು ವಾದಿಸುವುದಕ್ಕಿಂತ, ಎರಡೂ ಕೂಡಿದ ಹಿಡಿಯೇ ಉತ್ತಮವೆನ್ನುವುದು ಯುಕ್ತ.

ಮದ್ದೂರಿನ ಹೆದ್ದಾರಿಯ ಪಕ್ಕದ ಒಂದು ಉಪಾಹಾರ ಗೃಹದಲ್ಲಿ ವಡೆಗೆಂದು ದಿನವೂ ರಾಶಿ ರಾಶಿ ಈರುಳ್ಳಿ ಹೆಚ್ಚುತ್ತಿದ್ದ ಅಂತಹದೊಂದು ಮೂರು ರಿವೆಟ್ಟಿನ ಚಾಕುವನ್ನು ಬಿಚ್ಚಿ ನೋಡುವ ಸಂದರ್ಭ ನನಗೆ ಒದಗಿತು. ಹೊರಗಿನಿಂದ ಕಾಣುತ್ತಿದ್ದುದು ಮರಕ್ಕೂ ಉಕ್ಕಿಗೂ ನಡುವೆ ಎಳೆದಂತಿದ್ದ ಕಪ್ಪು ಗೆರೆಯೊಂದೇ. ಆ ಗೆರೆಯ ಮೇಲೆ ಒಂದು ಹನಿ ನೀರು ಬಿಟ್ಟು ಹಿಡಿಯನ್ನು ಬೆರಳಿನಿಂದ ಅದುಮಿದೆವು; ಅದುಮಿದಾಗ ಸಣ್ಣ ಗುಳ್ಳೆಗಳೆದ್ದವು, ಕೈ ಬಿಟ್ಟಾಗ ಹನಿ ಒಳಕ್ಕೆ ಸೆಳೆದುಹೋಯಿತು. ಒಳಗೆ ಟೊಳ್ಳಿದೆಯೆಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇಕಿಲ್ಲ. ರಿವೆಟ್ಟಿನ ತಲೆಯ ನಡುವೆ ಚುಕ್ಕೆ ಗುದ್ದಿ, ತಲೆಗಿಂತ ತುಸು ಕಿರಿದಾದ ಬೈರಿಗೆಯಿಂದ ಅದನ್ನಷ್ಟೇ ಕೊರೆದು, ಉಳಿದುದನ್ನು ಉಳಿಮೊಳೆಯಿಂದ ಆಚೆಗೆ ತಳ್ಳಿದಾಗ ಚಕ್ಕೆಗಳು ತಾವಾಗಿ ಬೇರ್ಪಟ್ಟವು. ನಡುವಿನ ರಿವೆಟ್ಟಿನ ಸುತ್ತ ತುಕ್ಕು ಪದರಪದರವಾಗಿ ಎದ್ದಿತ್ತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಅದು ಚಕ್ಕೆಯನ್ನು ಒಳಗಿನಿಂದ ಮೀಟಿ ಎತ್ತಿತ್ತು. ಹಳೆಯ ಅಂಟು ಪೂರ್ತಿಯಾಗಿ ಮರದ ಕಡೆಗೇ ಉಳಿದು ಉಕ್ಕಿನ ಮೈ ಬರಿದಾಗಿದ್ದುದನ್ನು ನೋಡಿದಾಗ ಅಂಟಿನ ದೋಷವಲ್ಲ, ಅಂಟಿಸುವ ಮೊದಲು ಉಕ್ಕಿನ ಎಣ್ಣೆಯ ಪಸೆಯನ್ನು ತೆಗೆಯದಿದ್ದುದೇ ದೋಷವೆಂದು ತಿಳಿಯಿತು. ಅಂಟು ತಾನೇ ಹರಿದು ಎರಡು ಕಡೆಯೂ ಉಳಿದಿದ್ದರೆ ಅದರ ಸತ್ತ್ವ ಕುಂದಿದೆಯೆಂದು ತೀರ್ಮಾನಿಸಬೇಕಾಗುತ್ತಿತ್ತು.

ಮರುಜೋಡಣೆಯಲ್ಲಿ ಮೊದಲ ಕಾರ್ಯ ಅಲಗಿನ ಬಂಧನ. ದಪ್ಪ ರಟ್ಟನ್ನು ಮಡಚಿ ಅಲಗಿಗೆ ಹೊದಿಸಿ, ಮೇಲೆ ಟೇಪು ಸುತ್ತಿದ ಹೊರತು ಬೇರಾವ ಕೆಲಸಕ್ಕೂ ಕೈ ಹಾಕಲಾಗದು. ಅನಂತರ ಬಾಲದ ತುಕ್ಕನ್ನು ಉಕ್ಕು ಹೊಳೆಯುವವರೆಗೆ ಒರಟಾದ ಉಪ್ಪುಕಾಗದದಿಂದ ಉಜ್ಜಿದೆವು. ನುಣುಪಾದ ಮೈಗಿಂತ ಗೀರುಬಿದ್ದ ಮೈಗೇ ಅಂಟು ಚೆನ್ನಾಗಿ ಹತ್ತುವುದು. ಅಸಿಟೋನಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಒರೆಸುತ್ತ ಹೋಗಿ, ಬಟ್ಟೆಗೆ ಕಲೆಯೇ ಹತ್ತದಂತಾದ ಮೇಲೆ ಬೆರಳಿನಿಂದ ಮುಟ್ಟದೆ ಬಿಟ್ಟೆವು. ಹಳೆಯ ಚಕ್ಕೆಗಳನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ, ಒಳಮೈಯನ್ನು ಸಮತಟ್ಟಾದ ಹಲಗೆಯ ಮೇಲೆ ಹರಡಿದ ಉಪ್ಪುಕಾಗದಕ್ಕೆ ತೀಡಿ ಮಟ್ಟ ಮಾಡಿದೆವು. ತೇವದ ಮರವನ್ನು ಅಂಟಿಸಿದರೆ ಅದು ಒಣಗುವಾಗಲೇ ಹೊಸ ಬಂಧವನ್ನು ಹರಿಯುವುದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಅಂಟಿಗೆ ಎರಡು ಟ್ಯೂಬಿನ ಎಪಾಕ್ಸಿಯನ್ನು, ಐದು ನಿಮಿಷದಲ್ಲಿ ಗಟ್ಟಿಯಾಗುವುದನ್ನು ಬಿಟ್ಟು ನಿಧಾನವಾಗಿ ಕೂಡುವುದನ್ನೇ, ಆರಿಸಿ ಸಮಪ್ರಮಾಣದಲ್ಲಿ ಬೆರೆಸಿದೆವು. ಅವಸರದ ಜಾತಿಯು ಬಿಸಿಗೂ ನೀರಿಗೂ ಬೇಗ ಸೋಲುತ್ತದೆ. ಉಕ್ಕು, ಮರಗಳೆರಡಕ್ಕೂ ತೆಳುವಾಗಿ ಹಚ್ಚಿ, ತೂತುಗಳಲ್ಲಿ ಹೊಸ ಹಿತ್ತಾಳೆಯ ಸರಳುಗಳನ್ನು ತೂರಿಸಿ, ಇಕ್ಕಳದಿಂದ ಮಿತವಾಗಿ ಬಿಗಿದೆವು. ಬಲವಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಸಂದು ಬರಿದಾಗುವುದು. ಅಲಗಿನ ಬುಡದಲ್ಲಿ ಹರಿದುಬಂದುದನ್ನು ಒಡನೆಯೇ ಒರೆಸಬೇಕು. ಒಂದು ದಿನ ಪೂರ್ತಿ ಮುಟ್ಟದೆ ಇಟ್ಟ ಮೇಲೆ ಸರಳಿನ ತುದಿಗಳನ್ನು ಸಣ್ಣ ಸುತ್ತಿಗೆಯಿಂದ ಹಲವು ಹಗುರವಾದ ಪೆಟ್ಟುಗಳಲ್ಲಿ ಅರಳಿಸಿದೆವು. ಒಂದೇ ದೊಡ್ಡ ಪೆಟ್ಟು ಚಕ್ಕೆಯನ್ನು ಸೀಳಿಬಿಡುತ್ತದೆ. ಮತ್ತೆ ಕೆಲವು ದಿನ ಬಿಟ್ಟು, ಅಗಸೆ ಎಣ್ಣೆಯನ್ನು ಸವರಿ ಒಣಗಿಸಿ, ಅದೇ ನೀರಹನಿಯ ಪರೀಕ್ಷೆ ಮಾಡಿದಾಗ ಹನಿ ಗೆರೆಯ ಮೇಲೆಯೇ ನಿಂತಿತು.

ನಾಟಿದ ಬಾಲದ ಚಾಕುವಿಗೂ ಇದೇ ಎಪಾಕ್ಸಿ ಒಪ್ಪುವುದು. ತೂತಿನೊಳಗಣ ಹಳೆಯ ಅರಗನ್ನು ಕೆರೆದು ತೆಗೆದು, ಅಂಟನ್ನು ತೂತಿನ ತಳದಿಂದ ತುಂಬುತ್ತ ಬಂದು, ಗಾಳಿ ಹೊರಬೀಳುವಂತೆ ಬಾಲವನ್ನು ನಿಧಾನವಾಗಿ ಇಳಿಸಬೇಕು. ಅರಗೇ ಬೇಕೆಂದು ಕುಲುಮೆಗೆ ಕೊಂಡೊಯ್ದರೆ, ಬಾಲವನ್ನು ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿಸುವುದನ್ನು ಮರೆಯಬಾರದು. ಹದ ಮಾಡಿದ ಉಕ್ಕಿನ ಮೇಲೆ ನೀಲಿಯ ಬಣ್ಣ ಹರಿದುಬಂದಿತೆಂದರೆ ಅದು 300 ಡಿಗ್ರಿಯ ಸಮೀಪಕ್ಕೆ ಕಾದು ಹದ ಕಳೆದುಕೊಂಡಿತೆಂದೇ ಅರ್ಥ. ಅಂತಹ ಬಾಯಿ ಎಷ್ಟು ಸಾಣೆ ಹಿಡಿದರೂ ನಿಲ್ಲದು. ಹಿಡಿಯ ಸಂದಿಗೆ ಬಟ್ಟೆಯ ಚೂರನ್ನೋ ಕಡ್ಡಿಯನ್ನೋ ತುರುಕುವ ಅಭ್ಯಾಸ ಮಾತ್ರ ಎಂದಿಗೂ ಸಲ್ಲದು. ಅದು ನೀರನ್ನೂ ತರಕಾರಿಯ ರಸವನ್ನೂ ಒಳಗೆ ಹಿಡಿದಿಟ್ಟು ತುಕ್ಕನ್ನೂ ಕೊಳೆಯನ್ನೂ ಬೆಳೆಸುತ್ತದೆ.

ಬಿಚ್ಚಿದ ಮೇಲೆ ಬಾಲವು ತುಕ್ಕಿನಿಂದ ಅರ್ಧ ದಪ್ಪಕ್ಕೆ ಸವೆದಿದ್ದರೆ, ಅಥವಾ ಅಲಗು ಬಾಲವಾಗುವ ಕತ್ತಿನಲ್ಲಿ ಕೂದಲೆಳೆಯಷ್ಟೇ ಬಿರುಕು ಕಂಡರೂ, ಆ ಚಾಕುವನ್ನು ಮತ್ತೆ ಜೋಡಿಸಬಾರದು. ಕುಂಬಳಕಾಯಿಯಂತಹ ಗಟ್ಟಿ ಕಾಯಿಯ ಮೇಲೆ ಮೈಭಾರ ಹಾಕಿ ಒತ್ತುವ ಕ್ಷಣದಲ್ಲಿಯೇ ಅದು ಮುರಿಯುವುದು, ಆಗ ಕೈ ಅಲಗಿನ ಮೇಲೆ ಜಾರುವುದು. ಅಂತಹ ಅಲಗನ್ನು ರಟ್ಟಿನಲ್ಲಿ ಸುತ್ತಿ ಗುಜರಿಗೆ ಹಾಕಿರಿ. ಜೋಡಿಸಲು ತಕ್ಕುದಾದುದನ್ನು ಜೋಡಿಸಿದ ಬಳಿಕ, ತೊಳೆದೊಡನೆ ಒರೆಸಿ ಒಣ ಸ್ಥಳದಲ್ಲಿಡಿರಿ, ನೀರಿನಲ್ಲಿ ಮಾತ್ರ ನಿಲ್ಲಿಸಬೇಡಿರಿ.